ಓ ಅಂತ ಬರೆದಿದ್ದರೂ ಓ ಅಲ್ಲ

ಹೋದ ವರ್ಷ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂದಿತ್ತು. ಯಾರೋ ಗರ್ಭಿಣಿಗೆ ಆಪರೇಷನ್ ಇದೆ, ಬಾಂಬೆ ಬ್ಲಡ್ ತುರ್ತಾಗಿ ಬೇಕು ಅಂತ. ರಾತ್ರಿ ಅಪ್ಪ ಫೋನ್ ಮಾಡಿ ಕೇಳಿದರು, "ಅಲ್ಲ ಕಣೋ, ರಕ್ತ ಇಲ್ಲಿ ಸಿಗದೇ ಬಾಂಬೆಯಿಂದ ತರಿಸ್ಬೇಕಂತಾ? ಇಲ್ಲಿ ಓ ಪಾಸಿಟಿವ್‌ನೋರು ಬೇಕಾದಷ್ಟು ಜನ ಇದೀವಲ್ಲ. ಓ ಎಲ್ಲರಿಗೂ ಆಗುತ್ತೆ ಅಂತಾರಪ್ಪ."

ಅಪ್ಪನ ಪ್ರಶ್ನೆಗೆ ನಗು ಬಂತು. ಆದ್ರೆ ಉತ್ತರ ಹೇಳೋಕೆ ಹೋದಾಗ ನನಗೂ ಸರಿಯಾಗಿ ಗೊತ್ತಿಲ್ಲ ಅನ್ನೋದು ಗೊತ್ತಾಯ್ತು. ಓದುತ್ತಾ ಹೋದ ಹಾಗೆ ಇದು ಬರೀ ಅಪರೂಪದ ರಕ್ತದ ಕಥೆಯಲ್ಲ, ತಪ್ಪು ಹೆಸರಿನಲ್ಲಿ ಅಡಗಿ ಕೂತ ರಕ್ತದ ಕಥೆ ಅನ್ನಿಸಿತು. ಆ ಕಥೆ ಶುರುವಾಗುವುದು ಮಾತ್ರ ನಿಜವಾಗಿಯೂ ಬಾಂಬೆಯಲ್ಲೇ.

1952ರ ಮೇ ತಿಂಗಳಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಬರೆದವರ ಪಟ್ಟಿಯಲ್ಲಿ ಮೊದಲ ಹೆಸರು ವೈ. ಎಂ. ಭೆಂಡೆ ಅವರದು. ಜೊತೆಗೆ ಸಿ. ಕೆ. ದೇಶಪಾಂಡೆ ಮತ್ತು ಎಚ್. ಎಂ. ಭಾಟಿಯಾ. ಪರೇಲಿನ ಕೆಇಎಂ ಆಸ್ಪತ್ರೆಯವರ ಈ ಕೆಲಸಕ್ಕೆ ಲಂಡನ್ನಿನ ಲಿಸ್ಟರ್ ಇನ್‌ಸ್ಟಿಟ್ಯೂಟಿನ ನಾಲ್ವರು ಜೊತೆಯಾಗಿದ್ದರು: ರಕ್ತದ ಗುಂಪುಗಳ ವಿಷಯದಲ್ಲಿ ಆ ಕಾಲದ ದೊಡ್ಡ ಹೆಸರುಗಳಾದ ರೇಸ್ ಮತ್ತು ಸ್ಯಾಂಗರ್, ರಸಾಯನ ವಿಜ್ಞಾನಿಗಳಾದ ಮಾರ್ಗನ್ ಮತ್ತು ವಾಟ್ಕಿನ್ಸ್.

ಲೇಖನದಲ್ಲಿ ಇದ್ದದ್ದು ಮೂವರ ರಕ್ತದ ವಿಷಯ. ಒಬ್ಬ ಅಪಘಾತದಲ್ಲಿ ಗಾಯಗೊಂಡ ರೈಲ್ವೆಯವನು, ಇನ್ನೊಬ್ಬ ಚಾಕು ಇರಿತಕ್ಕೆ ಸಿಕ್ಕಿದವನು. ಇಬ್ಬರಿಗೂ ರಕ್ತ ಬೇಕಿತ್ತು. ಮಾಮೂಲಿ ಪರೀಕ್ಷೆ ಮಾಡಿದರೆ ಎ ಇಲ್ಲ, ಬಿ ಇಲ್ಲ, ಅಂದ್ರೆ ಓ. ಸರಿ ಅಂತ ಓ ರಕ್ತ ತಂದು ರೋಗಿಯ ಸೀರಮ್ಮಿನ ಜೊತೆ ಬೆರೆಸಿ ನೋಡಿದರೆ ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಒಡೆದ ಹಾಲಿನ ಹಾಗೆ ತರಿತರಿಯಾಗಿಬಿಟ್ಟವು. ಇನ್ನೊಬ್ಬ ಓ ದಾನಿಯದ್ದು ನೋಡಿದರು, ಅದೂ ಹಾಗೇ. ಮತ್ತೊಬ್ಬರದ್ದು, ಅದೂ ಹಾಗೇ. ಎಲ್ಲರಿಗೂ ಆಗಬೇಕಾದ ಓ ರಕ್ತ, ಓ ಅಂತಲೇ ಬರೆಸಿಕೊಂಡವರಿಗೆ ಆಗುತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಇಂಥ ರಕ್ತದವರು ಒಬ್ಬರಿಗೊಬ್ಬರು ಮಾತ್ರ ಹೊಂದುತ್ತಾರೆ ಅನ್ನೋದು ಗೊತ್ತಾಯಿತು. ಸಿಕ್ಕ ಊರಿನ ಹೆಸರೇ ಮುಂದೆ ಈ ಗುಂಪಿಗೆ ನಿಂತಿತು.

ಯಾಕೆ ಹೀಗೆ ಅಂತ ತಿಳಿಯೋಕೆ ಕೆಂಪು ಕಣದ ಮೇಲ್ಮೈಗೆ ಹೋಗಬೇಕು. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟೇ: ಎ ಗುಂಪಿನವರ ಕಣದ ಮೇಲೆ ಎ ಆಂಟಿಜನ್ ಇರುತ್ತೆ, ಬಿ ಗುಂಪಿನವರಿಗೆ ಬಿ ಇರುತ್ತೆ, ಎಬಿ ಅವರಿಗೆ ಎರಡೂ, ಓ ಅವರಿಗೆ ಏನೂ ಇರಲ್ಲ. ಈ ಕೊನೆಯ ಮಾತೇ ತಪ್ಪು. ಓ ಕಣದ ಮೇಲೂ ಒಂದು ಗುರುತು ಇದೆ, ಅದರ ಹೆಸರು ಎಚ್. 1948ರಲ್ಲೇ ಮಾರ್ಗನ್ ಮತ್ತು ವಾಟ್ಕಿನ್ಸ್ ಆ ಹೆಸರು ಕೊಟ್ಟಿದ್ದರು. ಕಣದ ಮೇಲ್ಮೈಯಿಂದ ಹೊರಕ್ಕೆ ಚಾಚಿರುವ ಸಕ್ಕರೆಯ ಸರಪಳಿಗಳಿವೆ. ಸರಪಳಿಯ ತುದಿಗೆ ಫ್ಯೂಕೋಸ್ ಅನ್ನೋ ಒಂದು ಸಕ್ಕರೆ ಸೇರಿದರೆ ಅದು ಎಚ್. ಆ ಎಚ್‌ಗೆ ಇನ್ನೊಂದು ಸಕ್ಕರೆ ಜೋಡಿಸಿದರೆ ಎ ಆಗುತ್ತೆ, ಬೇರೊಂದು ಜೋಡಿಸಿದರೆ ಬಿ. ಏನೂ ಜೋಡಿಸದೆ ಎಚ್ ಅನ್ನು ಹಾಗೇ ಬಿಟ್ಟರೆ ಓ. ಹಾಗಾಗಿ ಎಚ್ ಅತಿ ಹೆಚ್ಚು ಇರುವುದೇ ಓ ಕಣಗಳ ಮೇಲೆ.

ಮನೆ ಕಟ್ಟುವ ಮಾತಿನಲ್ಲಿ ಹೇಳೋದಾದರೆ ಎಚ್ ಅನ್ನೋದು ನೆಲಮಹಡಿ. ಎ ಮತ್ತು ಬಿ ಅದರ ಮೇಲಿನ ಮಹಡಿಗಳು. ಓ ಅಂದ್ರೆ ಬರೀ ನೆಲಮಹಡಿ ಇರುವ ಮನೆ. ಬಾಂಬೆ ಗುಂಪಿನವರಲ್ಲಿ ಪಾಯ ಇದೆ, ಆದ್ರೆ ನೆಲಮಹಡಿಯೇ ಇಲ್ಲ. ಫ್ಯೂಕೋಸ್ ಜೋಡಿಸುವ ಕಿಣ್ವ ಅವರಲ್ಲಿ ತಯಾರಾಗಲ್ಲ. ಅವರ ಜೀನಿನಲ್ಲಿ ಎ ಅಥವಾ ಬಿ ಕಟ್ಟುವ ಸೂಚನೆ ಸರಿಯಾಗಿಯೇ ಇರಬಹುದು, ಆದ್ರೆ ಕಟ್ಟೋಕೆ ಜಾಗವೇ ಇಲ್ಲ. ದೂರದಿಂದ ನೋಡಿದವನಿಗೆ ಮೇಲಿನ ಮಹಡಿ ಕಾಣಲ್ಲ, ಹಾಗಾಗಿ "ಓ" ಅಂತ ಬರೆದುಕೊಂಡು ಹೋಗ್ತಾನೆ.

ಈ ಅಡಗಿರುವ ಸೂಚನೆ ನಿಜವಾಗಿಯೂ ಇದೆ ಅಂತ ತೋರಿಸಿದ್ದು ಅಮೆರಿಕದ ಫಿಲಿಪ್ ಲೆವಿನ್ ಮತ್ತು ಸಂಗಡಿಗರು, 1955ರಲ್ಲಿ. ಒಬ್ಬ ತಾಯಿಯ ರಕ್ತ ಪರೀಕ್ಷೆಯಲ್ಲಿ ಓ ಅಂತ ಕಾಣುತ್ತಿತ್ತು, ಆದ್ರೆ ಅವಳೊಳಗೆ ಸುಮ್ಮನೆ ಕೂತಿದ್ದ ಬಿ ಜೀನು ಮಗುವಿನಲ್ಲಿ ಪ್ರತ್ಯಕ್ಷವಾಗಿತ್ತು. ತಂದೆಯಿಂದ ಒಳ್ಳೆಯ ಎಚ್ ಜೀನು ಸಿಕ್ಕಿದ್ದರಿಂದ ಮಗುವಿಗೆ ನೆಲಮಹಡಿ ಇತ್ತು, ತಾಯಿಯ ಬಿ ಅದರ ಮೇಲೆ ಎದ್ದು ನಿಂತಿತು. ಈ ವಿಷಯ ಗೊತ್ತಿಲ್ಲದ ಕಡೆ, ಅಪ್ಪ ಅಮ್ಮ ಇಬ್ಬರದೂ ಓ ಅಂತ ಇದ್ದು ಮಗುವಿನದು ಬಿ ಅಂತ ಬಂದರೆ ಏನೇನು ಮಾತು ಹುಟ್ಟಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಓ ರಕ್ತ ಕೊಟ್ಟರೆ ಏನಾಗುತ್ತೆ? ನಮ್ಮ ದೇಹ ತನ್ನಲ್ಲಿಲ್ಲದ ಗುರುತಿನ ವಿರುದ್ಧ ಪ್ರತಿಕಾಯ ಇಟ್ಟುಕೊಂಡಿರುತ್ತೆ. ಎ ಗುಂಪಿನವರಲ್ಲಿ ಬಿ ವಿರುದ್ಧ, ಓ ಗುಂಪಿನವರಲ್ಲಿ ಎ ಮತ್ತು ಬಿ ಎರಡರ ವಿರುದ್ಧ. ಬಾಂಬೆ ಗುಂಪಿನವರಲ್ಲಿ ಎ, ಬಿ ಜೊತೆಗೆ ಎಚ್ ವಿರುದ್ಧವೂ ಇರುತ್ತೆ. ಒಮ್ಮೆಯೂ ಬೇರೆ ರಕ್ತ ತಗೊಂಡಿಲ್ಲದಿದ್ದರೂ ಇರುತ್ತೆ, ಮತ್ತು ದೇಹದ ಶಾಖದಲ್ಲೇ ಪೂರ್ತಿ ಬಲದಿಂದ ಕೆಲಸ ಮಾಡುತ್ತೆ. ಎಚ್ ತುಂಬಿಕೊಂಡಿರುವ ಓ ಕಣಗಳು ಒಳಗೆ ಹೋದರೆ ರಕ್ತನಾಳದಲ್ಲೇ ಒಡೆಯೋಕೆ ಶುರುವಾಗುತ್ತವೆ. ಮೊದಲ ಕೆಲವು ನಿಮಿಷಗಳಲ್ಲೇ ಚಳಿ ಜ್ವರ, ಬೆನ್ನು ನೋವು ಬರಬಹುದು. ರಕ್ತದೊತ್ತಡ ಬೀಳಬಹುದು, ಮೂತ್ರ ಕೆಂಪಾಗಿ ಬರಬಹುದು, ಆಮೇಲೆ ಮೂತ್ರಪಿಂಡವೇ ನಿಲ್ಲಬಹುದು. ಪ್ರಾಣವೂ ಹೋಗಬಹುದು. ಹಾಗಾಗಿ ಓ ಎಲ್ಲರಿಗೂ ಆಗುತ್ತೆ ಅನ್ನೋ ಮಾತು ಇವರ ಮಟ್ಟಿಗೆ ಸುಳ್ಳು.

ಹಾಗಾದ್ರೆ ಇವರನ್ನ ಗುರುತಿಸೋದು ಹೇಗೆ? ರಕ್ತದ ಗುಂಪು ನೋಡೋದರಲ್ಲಿ ಎರಡು ಅರ್ಧಗಳಿವೆ. ಮೊದಲ ಅರ್ಧದಲ್ಲಿ ನಮ್ಮ ಕಣ ತಗೊಂಡು ಅದಕ್ಕೆ ಎ ವಿರುದ್ಧದ, ಬಿ ವಿರುದ್ಧದ ದ್ರಾವಣ ಒಂದೊಂದು ಹನಿ ಹಾಕುತ್ತಾರೆ. ಕಾಲೇಜಿನಲ್ಲಿ, ಆಫೀಸಿನ ಹೆಲ್ತ್ ಕ್ಯಾಂಪಿನಲ್ಲಿ ಗಾಜಿನ ಪಟ್ಟಿಯ ಮೇಲೆ ಬೆರಳ ತುದಿಯ ರಕ್ತ ಇಟ್ಟು ಎರಡು ನಿಮಿಷದಲ್ಲಿ ಮಾಡಿ ಮುಗಿಸುವುದು ಇಷ್ಟೇ. ಓ ಗುಂಪಿನವನದೂ ಅಂಟಲ್ಲ, ಬಾಂಬೆಯವನದೂ ಅಂಟಲ್ಲ. ಇಬ್ಬರ ಕಾರ್ಡಿನ ಮೇಲೂ ಓ ಅಂತಲೇ ಬರುತ್ತೆ.

ಎರಡನೇ ಅರ್ಧ ಇದರ ತಿರುವು. ಇಲ್ಲಿ ನಮ್ಮ ಸೀರಮ್ ತಗೊಂಡು, ಗುಂಪು ಗೊತ್ತಿರುವ ಎ ಕಣ, ಬಿ ಕಣ ಮತ್ತು ಓ ಕಣಗಳ ಜೊತೆ ಬೇರೆ ಬೇರೆ ಟ್ಯೂಬಿನಲ್ಲಿ ಬೆರೆಸುತ್ತಾರೆ. ನಿಜವಾದ ಓ ಗುಂಪಿನವನ ಸೀರಮ್ಮಿಗೆ ಎ ಟ್ಯೂಬು ಅಂಟುತ್ತೆ, ಬಿ ಟ್ಯೂಬು ಅಂಟುತ್ತೆ, ಓ ಟ್ಯೂಬು ಸುಮ್ಮನಿರುತ್ತೆ. ಬಾಂಬೆಯವನ ಸೀರಮ್ಮಿಗೆ ಮೂರೂ ಅಂಟುತ್ತವೆ. ಇಡೀ ರಹಸ್ಯ ಬಯಲಾಗುವುದು ಆ ಮೂರನೇ ಟ್ಯೂಬಿನಲ್ಲಿ. ಎ ಮತ್ತು ಬಿ ಟ್ಯೂಬು ಮಾತ್ರ ಇಟ್ಟು ಓ ಟ್ಯೂಬು ಬಿಟ್ಟರೆ, ಎರಡೂ ಅರ್ಧ ಮಾಡಿದರೂ ಉತ್ತರ ಓ ಅಂತಲೇ ಬರುತ್ತೆ.

ಮೂರನೇ ಟ್ಯೂಬು ಅಂಟಿದ ತಕ್ಷಣ ಬಾಂಬೆ ಅಂತ ಹೇಳಿಬಿಡೋ ಹಾಗೂ ಇಲ್ಲ. ಹಿಂದೆ ರಕ್ತ ಹಾಕಿಸಿಕೊಂಡವರಲ್ಲಿ ಅಥವಾ ಹೆರಿಗೆ ಆದವರಲ್ಲಿ ಬೇರೆ ಯಾವುದೋ ಗುರುತಿನ ವಿರುದ್ಧ ಪ್ರತಿಕಾಯ ಹುಟ್ಟಿಯೂ ಹಾಗಾಗಬಹುದು. ಕೆಲವರ ಸೀರಮ್ ತನ್ನದೇ ಕಣಗಳನ್ನೂ ಅಂಟಿಸುತ್ತೆ. ಹಾಗಾಗಿ ಮೊದಲು ರೋಗಿಯ ಸೀರಮ್ಮನ್ನ ರೋಗಿಯದೇ ಕಣದ ಜೊತೆ ಬೆರೆಸಿ, ಅಂಟಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಎಚ್ ಅನ್ನೇ ಹುಡುಕುವ ದ್ರಾವಣವನ್ನ ರೋಗಿಯ ಕಣದ ಮೇಲೆ ಹಾಕುತ್ತಾರೆ. ಅದನ್ನ ತೆಗೆಯೋದು ಯುಲೆಕ್ಸ್ ಅನ್ನೋ ಯುರೋಪಿನ ಒಂದು ಮುಳ್ಳುಗಿಡದ ಬೀಜದಿಂದ. ಓ ಕಣ ಅದಕ್ಕೆ ಗಟ್ಟಿಯಾಗಿ ಅಂಟುತ್ತೆ, ಬಾಂಬೆ ಕಣ ಅಲುಗಾಡಲ್ಲ. ಅಲ್ಲಿಗೆ ಖಚಿತ.

ಗಮನಿಸಿ, ಸರಿಯಾಗಿ ಕ್ರಾಸ್‌ಮ್ಯಾಚ್ ಮಾಡುವ ಕಡೆ ಬಾಂಬೆ ಗುಂಪಿನ ರೋಗಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾನೆ, ಯಾಕಂದ್ರೆ ತಂದ ಪ್ರತಿ ಓ ಚೀಲವೂ ಅವನ ಸೀರಮ್ಮಿಗೆ ಅಂಟುತ್ತೆ. ಆದ್ರೆ ಬಾಂಬೆ ಗುಂಪಿನ ದಾನಿ? ಅವನ ಕಣಗಳ ಮೇಲೆ ಎ, ಬಿ, ಎಚ್ ಯಾವುದೂ ಇಲ್ಲ. ಹಾಗಾಗಿ ಕ್ರಾಸ್‌ಮ್ಯಾಚಿನಲ್ಲಿ ಓ ರೋಗಿಯ ಸೀರಮ್ ಅವುಗಳ ತಂಟೆಗೆ ಹೋಗಲ್ಲ. ದಾನಿಯ ಗುಂಪು ನೋಡುವಾಗ ಮೂರನೇ ಟ್ಯೂಬು ತಪ್ಪಿತೆಂದರೆ ಅವನ ರಕ್ತ ಓ ಹೆಸರಿನಲ್ಲೇ ಓ ರೋಗಿಗೆ ಹೋಗಿ ಖರ್ಚಾಗುತ್ತೆ. ವರ್ಷಗಟ್ಟಲೆ ರಕ್ತ ಕೊಟ್ಟರೂ ಅವನಿಗೆ ತನ್ನ ಗುಂಪು ಗೊತ್ತಾಗದೇ ಇರಬಹುದು. ಲಕ್ಷಕ್ಕೊಬ್ಬ ರೋಗಿ ಯಾವುದಕ್ಕಾಗಿ ಊರೂರು ಹುಡುಕುತ್ತಾನೋ ಅದು ಮಾಮೂಲಿ ಚೀಲವಾಗಿ ಯಾರಿಗೋ ಹೋಗಿರುತ್ತೆ. ದಾನಿಗಳು ಕಡಿಮೆ ಅಂತ ನಾವು ಹೇಳುವಾಗ ಅದರಲ್ಲಿ ಹುಟ್ಟಿಲ್ಲದವರು ಎಷ್ಟು, ಹುಟ್ಟಿದ್ದೂ ಗುರುತಾಗದವರು ಎಷ್ಟು ಅನ್ನೋದನ್ನ ಬೇರೆ ಮಾಡಿ ನೋಡಬೇಕು.

ಮೊದಲು ಹುಟ್ಟಿನ ಲೆಕ್ಕ. ಕೆಇಎಂ ಆವರಣದಲ್ಲೇ 1957ರಲ್ಲಿ ರಕ್ತದ ಗುಂಪುಗಳಿಗಾಗಿಯೇ ಒಂದು ಕೇಂದ್ರ ಶುರುವಾಯಿತು. ಅಲ್ಲಿಂದ ಭಾಟಿಯಾ ಮತ್ತು ಸಾಠೆ 1974ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಮುಂಬಯಿಯಲ್ಲಿ ಸುಮಾರು 7,600 ಜನಕ್ಕೆ ಒಬ್ಬರು ಬಾಂಬೆ ಗುಂಪಿನವರು. ಒಟ್ಟು ಭಾರತಕ್ಕೆ ಸಾಮಾನ್ಯವಾಗಿ ಹೇಳುವುದು 10,000ಕ್ಕೆ ಒಬ್ಬರು, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಭಾರತದ ಒಳಗೂ ಹೆಚ್ಚು ಸಿಕ್ಕಿರುವುದು ಮಹಾರಾಷ್ಟ್ರದಲ್ಲಿ, ಆಮೇಲೆ ಅದಕ್ಕೆ ತಾಗಿಕೊಂಡಿರುವ ನಮ್ಮ ಕರ್ನಾಟಕದಲ್ಲಿ.

ಎಚ್ ಕಟ್ಟುವ ಜೀನಿನ ಹೆಸರು ಎಫ್‌ಯುಟಿ-1. ಎಲ್ಲ ಜೀನಿನ ಹಾಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತೆ. ಒಂದು ಪ್ರತಿ ಸರಿಯಿದ್ದರೂ ಎಚ್ ತಯಾರಾಗುತ್ತೆ. ಎರಡೂ ಕೆಟ್ಟಿದ್ದರೆ ಮಾತ್ರ ಬಾಂಬೆ. ಮುಂಬಯಿಯ ಅಂಕಿ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ, ಒಂದು ಕೆಟ್ಟ ಪ್ರತಿ ಹೊತ್ತವರು ಸುಮಾರು 44 ಜನಕ್ಕೆ ಒಬ್ಬರು ಅಂತ ಬರುತ್ತೆ. ಸಂಬಂಧವೇ ಇಲ್ಲದ ಇಬ್ಬರು ಮದುವೆ ಆದರೆ, ಇಬ್ಬರೂ ಹೊತ್ತವರಾಗಿರುವ ಸಾಧ್ಯತೆ 44ರಲ್ಲಿ ಒಂದನ್ನ 44ರಲ್ಲಿ ಒಂದರಿಂದ ಗುಣಿಸಿದಷ್ಟು. ಇಬ್ಬರ ಕೆಟ್ಟ ಪ್ರತಿಯೂ ಮಗುವಿಗೇ ಬರೋದು ನಾಲ್ಕರಲ್ಲಿ ಒಂದು. ಎಲ್ಲ ಸೇರಿಸಿದರೆ ಸುಮಾರು 7,700ಕ್ಕೆ ಒಂದು.

ಈಗ ನಮ್ಮೂರ ಕಡೆಯ ಲೆಕ್ಕ. ನಮ್ಮಜ್ಜಿಯನ್ನ ಕೊಟ್ಟಿದ್ದು ಅವಳ ಸ್ವಂತ ಸೋದರಮಾವನಿಗೆ. "ಅಕ್ಕನ ಮಗಳಲ್ವಾ, ಹೊರಗೆ ಯಾಕೆ ಕೊಡೋದು" ಅನ್ನೋದು ಆ ಕಾಲದ ಸಹಜ ಮಾತು. ಮಾವ ಒಂದು ಕೆಟ್ಟ ಪ್ರತಿ ಹೊತ್ತಿದ್ದಾನೆ ಅಂತಿಟ್ಟುಕೊಳ್ಳಿ, ಅದು 44ರಲ್ಲಿ ಒಂದು. ಅದೇ ಪ್ರತಿ ಅವನ ಅಕ್ಕನಲ್ಲೂ ಇರುವ ಸಾಧ್ಯತೆ ಅರ್ಧ, ಅಕ್ಕನ ಮಗಳಿಗೆ ಬಂದಿರುವುದು ಅದರಲ್ಲೂ ಅರ್ಧ, ಅಂದ್ರೆ ನಾಲ್ಕರಲ್ಲಿ ಒಂದು. ಮಗುವಿಗೆ ಎರಡೂ ಕೆಟ್ಟದ್ದೇ ಬರೋದು ಮತ್ತೆ ನಾಲ್ಕರಲ್ಲಿ ಒಂದು. 44, 4, 4 ಗುಣಿಸಿದರೆ 704. ಏಳು ಸಾವಿರದ ಏಳುನೂರಕ್ಕೆ ಒಂದು ಇದ್ದದ್ದು ಏಳುನೂರಕ್ಕೆ ಒಂದಾಯಿತು. ಅತ್ತೆ ಮಗಳು, ಮಾವನ ಮಗನ ಮದುವೆಯಲ್ಲಿ ಇದೇ ರೀತಿ ಸುಮಾರು 1,400ಕ್ಕೆ ಒಂದು. ಇದು ಒರಟು ಲೆಕ್ಕ. ಮುಂಬಯಿಯ ಅಂಕಿ ಎಲ್ಲ ಊರಿಗೂ ಹಾಗೇ ಕೂರಲ್ಲ. ಆದ್ರೆ ಒಳಸಂಬಂಧದ ಕುಟುಂಬಗಳಲ್ಲಿ ಈ ಗುಂಪು ಹೆಚ್ಚು ಕಾಣೋದು ಯಾಕೆ ಅಂತ ಇಷ್ಟರಲ್ಲೇ ಗೊತ್ತಾಗುತ್ತೆ.

ಈ ಜೀನು ಜನರ ಜೊತೆ ಸಮುದ್ರವನ್ನೂ ದಾಟಿದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕಬ್ಬಿನ ತೋಟಗಳಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚರು ಭಾರತದ ಕೂಲಿಗಳನ್ನ ಕರೆದುಕೊಂಡು ಹೋಗಿದ್ದರು. 1980ರ ದಶಕದಲ್ಲಿ ಅಲ್ಲಿ ಎಚ್ ಕೊರತೆಯ ಕುಟುಂಬಗಳ ವಿಷಯ ಪ್ರಕಟವಾಯಿತು. ಭಾರತೀಯ ಮೂಲದವರಲ್ಲಿ ಎಚ್ ಸುತರಾಂ ಇರಲಿಲ್ಲ. ಯುರೋಪ್ ಮೂಲದವರಲ್ಲಿ ಚೂರುಪಾರು ಎಚ್ ಉಳಿದಿತ್ತು. 1998ರ ಹೊತ್ತಿಗೆ ಜೀನ್ ಓದಿ ನೋಡಿದಾಗ ಎರಡೂ ಬೇರೆ ಬೇರೆ ಬದಲಾವಣೆಗಳಿಂದ ಆಗಿದ್ದು ಅಂತ ತಿಳಿಯಿತು. ದ್ವೀಪದ ಭಾರತೀಯರಲ್ಲಿದ್ದದ್ದು ಭಾರತದ ಬಾಂಬೆ ಗುಂಪಿನವರಲ್ಲಿ ಕಾಣುವ ಅದೇ ಬದಲಾವಣೆ, ಎಫ್‌ಯುಟಿ-1ರ 725ನೇ ಸ್ಥಾನದಲ್ಲಿ ಒಂದೇ ಒಂದು ಅಕ್ಷರ. ಹಡಗು ಹತ್ತಿದವರ ಊರು, ಹೆಸರು ಮರೆತುಹೋಗಿರಬಹುದು, ಆ ಅಕ್ಷರ ಉಳಿದುಕೊಂಡಿತ್ತು.

ಈಗ ಎರಡನೇ ಲೆಕ್ಕ, ಗುರುತಾಗದವರದ್ದು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. 10,000ಕ್ಕೆ ಒಬ್ಬರು ಅಂದ್ರೂ ಆರು ಸಾವಿರ ಜನ. ಮಕ್ಕಳು, ವಯಸ್ಸಾದವರು, ರಕ್ತ ಕೊಡೋಕೆ ಆಗದವರನ್ನ ತೆಗೆದರೂ ಸಾವಿರಗಟ್ಟಲೆ ಉಳಿಯಬೇಕು. ಒಂದು ರಾಜ್ಯಕ್ಕೆ ಅಷ್ಟು ಸಾಲದೇ? ಸಾಲುತ್ತೆ, ಅವರು ಯಾರು ಅಂತ ಗೊತ್ತಿದ್ದರೆ. ಆದ್ರೆ ಅವರಲ್ಲಿ ಹೆಚ್ಚಿನವರ ಜೇಬಿನಲ್ಲಿ ಓ ಅಂತ ಬರೆದ ಕಾರ್ಡ್ ಇದೆ, ಅಥವಾ ಯಾವ ಕಾರ್ಡೂ ಇಲ್ಲ.

ಗುರುತಾದವರ ರಕ್ತವನ್ನ ಮುಂಚೆಯೇ ತೆಗೆದು ತುಂಬಿಡೋಣ ಅಂದ್ರೆ ಅದಕ್ಕೂ ಮಿತಿ ಇದೆ. ಫ್ರಿಜ್ಜಿನಲ್ಲಿ ಕೆಂಪು ಕಣ ಉಳಿಯೋದು ಹಾಕಿದ ದ್ರಾವಣದ ಮೇಲೆ 35 ಅಥವಾ 42 ದಿನ. ಬೇಡಿಕೆ ಯಾವಾಗ, ಎಲ್ಲಿ ಬರುತ್ತೋ ಗೊತ್ತಿಲ್ಲ. ಇವತ್ತು ತೆಗೆದಿಟ್ಟರೆ ಒಂದೂವರೆ ತಿಂಗಳಲ್ಲಿ ಕೆಟ್ಟುಹೋಗುತ್ತೆ, ಮರುದಿನವೇ ಯಾರೋ ಕೇಳುತ್ತಾರೆ. ಕೊಟ್ಟ ಗಂಡಸು ಮತ್ತೆ ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕೊಡೋ ಹಾಗಿಲ್ಲ. ಗ್ಲಿಸರಾಲ್ ಬೆರೆಸಿ ಸೊನ್ನೆಗಿಂತ 65 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿದರೆ ಹತ್ತು ವರ್ಷ ಇಡಬಹುದು, ಆದ್ರೆ ಅದಕ್ಕೆ ಬೇಕಾದ ವ್ಯವಸ್ಥೆ ಕೆಲವೇ ಕಡೆ ಸಾಧ್ಯ. ಕರಗಿಸಿ ತೊಳೆದ ಮೇಲೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹಾಕಿಬಿಡಬೇಕು. ಹಾಗಾಗಿ ಈ ಗುಂಪಿಗೆ ನಿಜವಾದ ದಾಸ್ತಾನು ಅಂದ್ರೆ ಓಡಾಡಿಕೊಂಡಿರುವ ಮನುಷ್ಯರೇ. ಅವರನ್ನ ಸುಮ್ಮನೆ ಕ್ಯಾಂಪಿಗೆ ಕರೆಯದೆ, ಬೇಕಾದಾಗ ಮಾತ್ರ ಫೋನ್ ಮಾಡುವ ಪದ್ಧತಿ ಇರೋದು ಇದಕ್ಕೇ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳ ಜಾಲ ಇಟ್ಟುಕೊಂಡಿದೆ. 2017ರಲ್ಲಿ ಮ್ಯಾನ್ಮಾರಿನ ಯಾಂಗೋನ್‌ನಲ್ಲಿ ಒಬ್ಬ ಮಹಿಳೆಗೆ ಹೃದಯದ ಆಪರೇಷನ್ ಆಗಬೇಕಿತ್ತು. ಈ ಜಾಲದ ಮೂಲಕ ಎರಡು ಯೂನಿಟ್ ಹೋಯಿತು, ರಕ್ತ ಹೊರಟಿದ್ದು ನಮ್ಮ ದಾವಣಗೆರೆಯಿಂದ. ಬಾಂಬೆ ರಕ್ತ ಬಾಂಬೆಯಿಂದಲೇ ಬರಬೇಕಿಲ್ಲ ಅಂತ ಅಪ್ಪನಿಗೆ ಹೇಳೋಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ.

ಒಬ್ಬ ರೋಗಿ ಬಾಂಬೆ ಅಂತ ಗೊತ್ತಾದಾಗ ಹುಡುಕಾಟ ಶುರುವಾಗಬೇಕಾದದ್ದು ಮೊಬೈಲಿನಲ್ಲಲ್ಲ, ಮನೆಯಲ್ಲಿ. ಅಣ್ಣ, ತಮ್ಮ, ಅಕ್ಕ, ತಂಗಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಅವಕಾಶ ಇದೆ. ಹತ್ತು ಸಾವಿರಕ್ಕೆ ಒಬ್ಬರನ್ನ ಊರಲ್ಲಿ ಹುಡುಕೋದಕ್ಕೂ ನಾಲ್ಕರಲ್ಲಿ ಒಬ್ಬರನ್ನ ಮನೆಯಲ್ಲಿ ಹುಡುಕೋದಕ್ಕೂ ಎಷ್ಟು ಅಂತರ! ತುರ್ತಿಲ್ಲದ ಆಪರೇಷನ್ ಆದರೆ, ವೈದ್ಯರು ಒಪ್ಪಿದಲ್ಲಿ ರೋಗಿಯದೇ ರಕ್ತವನ್ನ ಕೆಲವು ವಾರ ಮುಂಚೆ ತೆಗೆದಿಟ್ಟು ವಾಪಸ್ ಕೊಡುವುದೂ ಇದೆ. ಆದ್ರೆ ಇವೆರಡಕ್ಕೂ ಸಮಯ ಬೇಕು. ಸಮಯ ಸಿಗೋದು ಗುಂಪು ಮೊದಲೇ ಸರಿಯಾಗಿ ಗೊತ್ತಿದ್ದರೆ ಮಾತ್ರ.

ಇಷ್ಟೆಲ್ಲ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ಕಾರ್ಡಲ್ಲಿ ಓ ಅಂತ ಬರ್ದಿರೋದು ಯಾವ ಓ?" ಅಂದರು. ಅವರ ಅಪ್ಪ ಅಮ್ಮ ಮಾವ ಮತ್ತು ಅಕ್ಕನ ಮಗಳು ಅನ್ನೋದು ನನಗೂ ಆಗಲೇ ನೆನಪಾಗಿತ್ತು. ಮುಂದಿನ ಸಲ ಊರಿಗೆ ಹೋದಾಗ ಇಬ್ಬರೂ ತಾಲ್ಲೂಕು ಕೇಂದ್ರದ ರಕ್ತನಿಧಿಗೆ ಹೋದೆವು. ಟೆಕ್ನಿಷಿಯನ್ ಮೂರು ಟ್ಯೂಬು ತೋರಿಸಿದರು. ಎ ಅಂಟಿತ್ತು, ಬಿ ಅಂಟಿತ್ತು. ಮೂರನೆಯದನ್ನ ಬೆಳಕಿಗೆ ಹಿಡಿದು ಅಲುಗಾಡಿಸಿದರು. ಕಣಗಳು ಹೊಗೆಯ ಹಾಗೆ ಎದ್ದು ಸಲೀಸಾಗಿ ಹರಡಿಕೊಂಡವು. ಅಪ್ಪ ಮಾಮೂಲಿ ಓ. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಅದು ಖಚಿತವಾಗಿದ್ದು.